ಒಂದೇ ಬೋರ್ಡಿನ ಕೆಳಗೆ

ಮನೆಯವರು ಅವಳನ್ನು ಪುಟ್ಟಿ ಎಂದೇ ಕರೆಯುತ್ತಾರೆ. ತಲೆಯಲ್ಲಿ ಬೆಳ್ಳಿಕೂದಲು ಇಣುಕಿದ ಮೇಲೂ ಆ ಹೆಸರು ಹೋಗಿಲ್ಲ. ಕೇಕ್ ಅಂಗಡಿಗಳ ಮಾಲೀಕರು ಮಾತ್ರ ಅವಳ ಕಾರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಒಬ್ಬರಿಗೊಬ್ಬರು ಫೋನ್ ಮಾಡಿ, "ಬಂದಳು ಮಾರಾಯ, ಟೋಪಿ ಹಾಕ್ಕೊ" ಎನ್ನುತ್ತಾರೆ.

ಅವಳದು ತಪಾಸಣೆಯ ಕೆಲಸ. ಅವಳ ಕಂಪನಿಯ ಹೆಸರಿನಲ್ಲಿ ಊರೂರಿಗೂ ಕೇಕ್ ಅಂಗಡಿಗಳಿವೆ, ಆದರೆ ಅವು ಯಾವುವೂ ಕಂಪನಿಯವಲ್ಲ. ಒಂದೊಂದಕ್ಕೂ ಒಬ್ಬೊಬ್ಬ ಮಾಲೀಕ. ಹೆಸರು, ಬೋರ್ಡು, ಗೋಡೆಯ ಬಣ್ಣ, ಕೇಕಿನ ಪಾಕ, ಕ್ರೀಮು ಯಾರಿಂದ ಕೊಳ್ಳಬೇಕು ಎಂಬ ಕಟ್ಟಳೆ ಎಲ್ಲವೂ ಕಂಪನಿಯದು. ಅಂಗಡಿ, ಆಳುಕಾಳು, ಲಾಭನಷ್ಟ ಮಾಲೀಕನದು. ಈ ಬೀದಿಯಲ್ಲಿ ತಿಂದ ಚಾಕೊಲೇಟ್ ಕೇಕು ಇನ್ನೊಂದು ಊರಿನಲ್ಲೂ ಅದೇ ರುಚಿ, ಅದೇ ತೂಕ, ಅದೇ ತಂಪಿನಲ್ಲಿ ಸಿಗಬೇಕು. ಸಿಗುತ್ತದೋ ಇಲ್ಲವೋ ನೋಡುವುದು ಪುಟ್ಟಿಯ ಕೆಲಸ.

ಹೇಳಿದಷ್ಟು ಸುಲಭವಲ್ಲ ಅದು. ಮಾಲೀಕರು ಒಬ್ಬೊಬ್ಬರು ಒಂದೊಂದು ಥರ. ನಿವೃತ್ತ ಮೇಷ್ಟ್ರೊಬ್ಬರು ಗಿರಾಕಿ ಹುಟ್ಟುಹಬ್ಬದ ಕೇಕಿನ ಮೇಲೆ ಬರೆಯಲು ಕೊಟ್ಟ ಹೆಸರಿನಲ್ಲಿ ಕಾಗುಣಿತ ತಿದ್ದಿಬಿಡುತ್ತಿದ್ದರು. ಜೊತೆಯಾಗಿ ಅಂಗಡಿ ಹಿಡಿದ ಅಣ್ಣ ತಮ್ಮ ಇಬ್ಬರ ನಡುವೆ ಮಾತಿಲ್ಲದ ಕಾರಣ, ಅಣ್ಣ ಕೂತ ದಿನ ಕೇಕಿನ ತುಂಡು ದೊಡ್ಡದು, ತಮ್ಮ ಕೂತ ದಿನ ಸಣ್ಣದು. ಕಂಪನಿಯ ತಿಳಿಗುಲಾಬಿ ಬಣ್ಣ ಕಣ್ಣಿಗೆ ಹಿಡಿಸದೆ, ಒಬ್ಬಾಕೆ ಒಂದು ಗೋಡೆಗೆ ಹಸಿರು ಬಳಿಸಿ "ಒಂದೇ ಗೋಡೆ ತಾನೇ" ಎಂದಿದ್ದಳು. ಪುಟ್ಟಿ ಇವರೆಲ್ಲರ ಜೊತೆ ನಕ್ಕು, ಜಗಳವಾಡಿ, ಗೋಡೆಗೆ ಮತ್ತೆ ಬಣ್ಣ ಹೊಡೆಸಿ ಬರುತ್ತಿದ್ದಳು. ಅವರ ಮೇಲೆ ಅವಳಿಗೆ ಸಿಟ್ಟು ನಿಲ್ಲುತ್ತಿರಲಿಲ್ಲ. ಸಿಟ್ಟೆಲ್ಲ ಒಬ್ಬನಿಗಾಗಿ ಕೂಡಿಟ್ಟದ್ದು.

ಅವನನ್ನು ಆಳುಗಳು ಧಣಿ ಎನ್ನುತ್ತಿದ್ದರು. ದೊಡ್ಡ ರಸ್ತೆಯ ಮೂಲೆಯಲ್ಲಿ, ಗಾಜಿನ ಮುಂಭಾಗದ, ಇಡೀ ಪ್ರದೇಶದಲ್ಲೇ ಹೆಚ್ಚು ವ್ಯಾಪಾರವಿದ್ದ ಅಂಗಡಿ ಅವನದು. ಹರೆಯದಲ್ಲಿ ಪುಟ್ಟಿ ಅಲ್ಲಿಯೇ ಕೇಕಿನ ಮೇಲೆ ಹೂ ಬಿಡಿಸುವ ಕೆಲಸಕ್ಕಿದ್ದಳು. ಅವಳ ಕೈಯಲ್ಲಿ ಕ್ರೀಮಿನ ಗುಲಾಬಿ ಅರಳುವುದನ್ನು ನೋಡಲೆಂದೇ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದವು.

ಧಣಿಗೆ ಒಂದು ಅಭ್ಯಾಸವಿತ್ತು. ಅಂಗಡಿ ಮುಚ್ಚುವಾಗ ಕೇಕಿನ ಫ್ರಿಜ್ಜುಗಳ ಸ್ವಿಚ್ಚನ್ನು ತಾನೇ ಆರಿಸುತ್ತಿದ್ದ. "ಕತ್ತಲಲ್ಲಿ ಕೇಕಿಗೇನು ಕರೆಂಟು" ಎಂದು ನಗುತ್ತಿದ್ದ. ಬೆಳಿಗ್ಗೆ ಬಂದವರು ಮೊದಲು ಸ್ವಿಚ್ಚು ಹಾಕಬೇಕು. ಬಾಗಿಲು ತೆರೆಯುವ ಹೊತ್ತಿಗೆ ಗಾಜಿನ ಪೆಟ್ಟಿಗೆ ಮತ್ತೆ ತಣ್ಣಗೆ. ಬೇಸಿಗೆಯ ಒಂದು ದಿನ ಒಂದು ಮಗುವಿನ ಹುಟ್ಟುಹಬ್ಬಕ್ಕೆ ಹೋದ ಕ್ರೀಮ್ ಕೇಕು ತಿಂದು, ಅಲ್ಲಿಗೆ ಬಂದಿದ್ದ ಮಕ್ಕಳೆಲ್ಲ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಎಲ್ಲರೂ ಉಳಿದರು, ಆದರೆ ಮಗುವಿನ ಅಪ್ಪ ಮರುದಿನ ಅಂಗಡಿಗೆ ನುಗ್ಗಿ ಬಂದ. ಕಂಪನಿಯವರೂ ಬಂದರು. ಎಲ್ಲರೆದುರು ಧಣಿ ಪುಟ್ಟಿಯತ್ತ ಬೆರಳು ತೋರಿಸಿದ.

"ಫ್ರಿಜ್ ಆಫ್ ಮಾಡಿ ಹೋದವಳು ಇವಳೇ. ಹೇಳಿ ಹೇಳಿ ಸಾಕಾಗಿದೆ ನನಗೆ."

ಪುಟ್ಟಿ ಬಾಯಿ ತೆರೆಯುವ ಮುಂಚೆ ಪಕ್ಕಕ್ಕೆ ಬಂದು, "ಸುಮ್ಮನಿರು, ಆಮೇಲೆ ನಾನು ನೋಡ್ಕೋತೀನಿ" ಎಂದು ಪಿಸುಗುಟ್ಟಿದ. ಅವಳು ನಂಬಿದಳು. ಮಗುವಿನ ಅಪ್ಪ ಕೂಗಾಡಿ ಹೋದ. ಕಂಪನಿಯವರು ಬರೆದುಕೊಂಡು ಹೋದರು. ಆಮೇಲೆ ಧಣಿ ನೋಡಿಕೊಂಡದ್ದು ಇಷ್ಟೇ: "ಏಪ್ರನ್ ಬಿಚ್ಚಿಡು, ನಾಳೆಯಿಂದ ಬರಬೇಡ." ಗಿರಾಕಿಗಳು ನಿಂತಿದ್ದರು. ಏಪ್ರನ್ನಿನ ಗಂಟು ಬಿಗಿಯಾಗಿ ಬಿಚ್ಚಲು ಬರಲಿಲ್ಲ. ಅವನೇ ಕತ್ತರಿ ತಂದು ದಾರ ಕತ್ತರಿಸಿದ.

ಅಲ್ಲಿಂದ ಮುಂದೆ ಊರಿನ ಬೇಕರಿಗಳಲ್ಲಿ ಅವಳು ಕೆಲಸ ಕೇಳಿದಲ್ಲೆಲ್ಲ ಒಬ್ಬರಲ್ಲ ಒಬ್ಬರು ಗುರುತು ಹಿಡಿಯುತ್ತಿದ್ದರು. "ಓ, ಫ್ರಿಜ್ಜಮ್ಮ ಅಲ್ವಾ?" ಎಂದು ಹಿಂದಿನಿಂದ ನಗುತ್ತಿದ್ದರು.

ಕೈ ಹಿಡಿದವರು ಅಕ್ಕ ಮತ್ತು ಭಾವ. ಅವರಿಗೆ ಪೇಟೆಯ ಹಿಂಬದಿಯಲ್ಲಿ ಪುಟ್ಟ ಬೇಕರಿಯಿತ್ತು. "ಕೆಲಸ ಕೊಡ್ತಿಲ್ಲ, ನಿನ್ನ ಪಾಲಿನ ಕೆಲಸ ನೀನು ಮಾಡ್ತಿದ್ದೀಯ" ಎಂದು ಅಕ್ಕ ಅವಳ ಸೊಂಟಕ್ಕೆ ತನ್ನದೇ ಏಪ್ರನ್ ಕಟ್ಟಿದಳು. ಅಕ್ಕ ಮನೆಯ ಒಲೆಯಲ್ಲಿ ಕಿತ್ತಳೆ ಸಿಪ್ಪೆ ಹೆರೆದು ಹಾಕಿ ಒಂದು ಕೇಕು ಬೇಯಿಸುತ್ತಿದ್ದಳು. ಅದರ ಘಮಕ್ಕೆ ಬೀದಿಯಲ್ಲಿ ಹೋಗುವವರು ನಿಂತು ಮೂಗೆಳೆಯುತ್ತಿದ್ದರು. ಕೆಲವು ವರ್ಷಗಳ ಮೇಲೆ ಭಾವ ಸಾಲುಸಾಲು ಹೊಸ ಅಂಗಡಿಗಳ ನಡುವೆ ಒಬ್ಬನೇ ಈಜಲಾರೆನೆಂದು ಆ ಕಂಪನಿಯ ಬೋರ್ಡನ್ನೇ ಹಾಕಿಸಿಕೊಂಡ. ಹೊಸ ಅಂಗಡಿಯ ತರಬೇತಿಗೆ ಪುಟ್ಟಿಯನ್ನು ಕಳಿಸಿದ. ಅವಳ ಕೈಚಳಕ ನೋಡಿದ ಮೇಡಂ, ಅಂದರೆ ಕಂಪನಿಯಲ್ಲಿ ಗುಣಮಟ್ಟದ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದಾಕೆ, ಅವಳನ್ನು ಅಲ್ಲೇ ಉಳಿಸಿಕೊಂಡಳು. ತರಬೇತಿ ಕೊಡುವವಳಾಗಿ, ಆಮೇಲೆ ತಪಾಸಣೆಯವಳಾಗಿ ಪುಟ್ಟಿ ಬೇರೆ ಬೇರೆ ಪ್ರದೇಶಗಳಲ್ಲಿ ತಿರುಗಿದಳು. ಕೊನೆಗೊಮ್ಮೆ ಅವಳಿಗೆ ತನ್ನ ಊರಿನ ಅಂಗಡಿಗಳೇ ಬಂದವು.

ಮೇಡಂ ಕೂರಿಸಿಕೊಂಡು ಮಾತಾಡಿದಳು.

"ಅಕ್ಕನ ಅಂಗಡಿಗೆ ನೀನು ಹೋಗೋ ಹಾಗಿಲ್ಲ. ಅದನ್ನ ಮೀಸೆ ನೋಡ್ಕೋತಾನೆ."

"ಸರಿ ಮೇಡಂ."

"ದೊಡ್ಡ ರಸ್ತೆಯದ್ದು?"

ಪುಟ್ಟಿ ಮೇಜಿನ ಮೇಲಿದ್ದ ಅಂಗಡಿಗಳ ಪಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ನಿನ್ನ ಕಥೆ ನನಗೆ ಗೊತ್ತು. ಬೇಡ ಅಂದ್ರೆ ಅದನ್ನೂ ಅವನಿಗೇ ಕೊಡ್ತೀನಿ."

"ಬೇಕು ಮೇಡಂ."

"ಹಾಗಾದ್ರೆ ಒಬ್ಬಳೇ ಹೋಗಬೇಡ. ಪ್ರತಿ ಸಲ ಮೀಸೆ ಜೊತೆಗಿರಬೇಕು. ಅವನ ಸಹಿ ಇಲ್ಲದ ನಿನ್ನ ವರದಿ ನನಗೆ ಬೇಡ. ನಾಳೆ ಆ ಅಂಗಡಿಯವನು ವಕೀಲನನ್ನ ಹಿಡ್ಕೊಂಡು ಬಂದ್ರೆ, ಇದು ಹಗೆ ಅಂತಾನೆ."

"ಹಗೆಯೇ," ಎಂದಳು ಪುಟ್ಟಿ. "ಆದ್ರೆ ಸುಳ್ಳು ಬರೆಯಲ್ಲ. ಸುಳ್ಳು ಹೇಳಿ ಇನ್ನೊಬ್ಬರ ಕೆಲಸ ಕಳೆಯೋದು ಅವನ ದಾರಿ."

ಮೀಸೆ ಎಂದರೆ ಅವಳ ಜೊತೆಯ ತಪಾಸಣೆಯವನು. ದೊಡ್ಡ ಮೀಸೆ, ಮೆತ್ತಗಿನ ಮನಸ್ಸು. ಮೊದಲ ಭೇಟಿಗೆ ಇಬ್ಬರೂ ಮುಂಚಿತವಾಗಿ ತಿಳಿಸಿಯೇ ಹೋದರು. ಧಣಿ ತುಂಬ ಹಣ್ಣಾಗಿದ್ದ, ಆದರೆ ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವಳನ್ನು ನೋಡಿ ಕೈ ಮುಗಿದ.

"ಬನ್ನಿ ಮೇಡಂ. ಹೊಸದಾಗಿ ಬಂದ್ರಾ ಈ ಕಡೆ?"

ಅವನು ನಾಟಕ ಆಡುತ್ತಿದ್ದಾನೆಯೇ ಎಂದು ಅವಳು ಮುಖವನ್ನೇ ನೋಡಿದಳು. ಇಲ್ಲ, ನಾಟಕವಲ್ಲ, ನಿಜವಾಗಿಯೂ ಗುರುತಿರಲಿಲ್ಲ. ಅವಳ ಬದುಕನ್ನು ಕಾಲಲ್ಲಿ ಒದ್ದು ಪಕ್ಕಕ್ಕೆ ಸರಿಸಿದ ಮನುಷ್ಯನಿಗೆ ಒದ್ದ ನೆನಪೂ ಉಳಿದಿರಲಿಲ್ಲ. ಕಾರಿಗೆ ಮರಳಿದಾಗ ಪುಟ್ಟಿ ಹಲ್ಲು ಕಚ್ಚಿಕೊಂಡಿದ್ದಳು. "ಅವನು ನನ್ನನ್ನ ಹೆದರಿಕೆಯಿಂದ ನೋಡಿದ್ರೂ ಪರವಾಗಿರಲಿಲ್ಲ," ಎಂದಳು.

ಅಂದು ಅಂಗಡಿ ಕನ್ನಡಿಯ ಹಾಗಿತ್ತು. ಟೋಪಿ, ಉಗುರು, ಪೆಟ್ಟಿಗೆಯ ರಿಬ್ಬನ್ನು, ತೂಕ, ಎಲ್ಲ ಸರಿ. ಪುಟ್ಟಿ ಕಂಡದ್ದಕ್ಕೆ ಕಂಡಷ್ಟೇ ಅಂಕ ಕೊಟ್ಟಳು. ಮೀಸೆ ಆಶ್ಚರ್ಯದಿಂದ ಸಹಿ ಹಾಕಿದ.

ಎರಡನೆಯ ಸಲ ಹೇಳದೆ ಹೋದರು. ಒಪ್ಪಂದದ ಪ್ರಕಾರ ಕಂಪನಿಯವರು ಯಾವ ಹೊತ್ತಿಗೂ ಬರಬಹುದು. ಬೆಳಕು ಹರಿದು, ಬೀದಿ ಗುಡಿಸುವವರು ಮೂಲೆ ದಾಟಿದ್ದರಷ್ಟೆ. ಬೀಗ ತೆಗೆಯಲು ಬಂದ ಮ್ಯಾನೇಜರು ಇವರನ್ನು ಕಂಡು ಬೀಗದ ಕೈ ಬೀಳಿಸಿಕೊಂಡ. ಒಳಗೆ ಹೋದವನು ಸೀದಾ ಸ್ವಿಚ್ಚಿನ ಕಡೆ ಓಡಿದ.

"ಮುಟ್ಟಬೇಡಿ," ಎಂದಳು ಪುಟ್ಟಿ.

ಅಂಗಡಿಯೊಳಗೆ ಫ್ರಿಜ್ಜಿನ ಗುಂಯ್ ಸದ್ದೇ ಇರಲಿಲ್ಲ. ಅವಳು ತೆಳ್ಳನೆಯ ಥರ್ಮಾಮೀಟರನ್ನು ಒರೆಸಿ ಕೇಕಿನ ನಡುವಿಗೆ ಚುಚ್ಚಿ ಕಾದಳು. ಕ್ರೀಮು ಕೋಣೆಯ ಗಾಳಿಯಷ್ಟೇ ಬೆಚ್ಚಗಿತ್ತು. ಮೀಸೆ ಒಂದೊಂದರ ಫೋಟೊ ತೆಗೆದ. ಹೀಗೆ ಸಿಕ್ಕ ಸರಕನ್ನು ಮತ್ತೆ ಮಾರಲಾಗದಂತೆ ಅಲ್ಲಿಯೇ ಹಾಳುಮಾಡಬೇಕು, ಅದು ನಿಯಮ. ಸಾಮಾನ್ಯವಾಗಿ ಅಂಗಡಿಯವರಿಂದಲೇ ಮಾಡಿಸುತ್ತಾರೆ. ಅಂದು ಪುಟ್ಟಿ ತೋಳು ಮಡಚಿ ಕೈಗವಸು ಹಾಕಿಕೊಂಡಳು. ಗುಲಾಬಿಯ ಮೇಲೆ ಗುಲಾಬಿಯಿದ್ದ ಮೂರಂತಸ್ತಿನ ಕೇಕನ್ನು ಎರಡೂ ಕೈಯಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿ ಮುಷ್ಟಿಯಿಂದ ಒತ್ತಿದಳು. ಒಂದಾದ ಮೇಲೊಂದು, ಗಾಜಿನ ಪೆಟ್ಟಿಗೆಗಳು ಖಾಲಿಯಾಗುವವರೆಗೆ ಅವಸರವಿಲ್ಲದೆ ಹಾಕಿ ಹಾಕಿ ಒತ್ತಿದಳು. ಮೇಲೆ ನೆಲ ಒರೆಸುವ ದ್ರಾವಣ ಸುರಿದಳು.

ಧಣಿ ಬಂದಾಗ ಅವಳ ಮೊಣಕೈವರೆಗೂ ಕ್ರೀಮು.

"ಏನಿದು ಮೇಡಂ, ಒಂದು ಫೋನ್ ಮಾಡಬಾರದಿತ್ತಾ? ಹುಡುಗರು ಯಾರೋ ಮರೆತು ಆಫ್ ಮಾಡಿರ್ತಾರೆ."

"ಯಾವ ಹುಡುಗರು?"

ಅವನ ಬೆರಳು ಅಭ್ಯಾಸದಂತೆ ಮೇಲೆದ್ದು ಮ್ಯಾನೇಜರಿನತ್ತ ತಿರುಗಿತು. "ಇವನೇ. ಹೇಳಿ ಹೇಳಿ ಸಾಕಾಗಿದೆ ನನಗೆ."

ಪುಟ್ಟಿ ಮ್ಯಾನೇಜರನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. "ನೀವು ಬೀಗ ಹಾಕೋವಾಗ ಇರ್ತೀರಾ?" ಎಂದು ಕೇಳಿದಳು.

"ಇಲ್ಲ ಮೇಡಂ," ಎಂದ ಅವನು ಮೆಲ್ಲಗೆ. "ಬೀಗ ಹಾಕೋದು ಧಣಿಯವರೇ."

ಅಂಗಡಿ ಅಂದು ಮುಚ್ಚಿತು. ಗಂಭೀರ ಲೋಪವೆಂದು ನೋಟೀಸು ಹೋಯಿತು. ತಿದ್ದಿಕೊಳ್ಳಲು ಸಮಯ ಕೊಡಲೇಬೇಕು, ಕೊಟ್ಟರು. ಧಣಿ ಸ್ವಿಚ್ಚುಗಳನ್ನೇ ತೆಗೆಸಿ, ಫ್ರಿಜ್ಜಿನ ತಾಪ ತಾನಾಗಿ ಕಂಪನಿಗೆ ತಲುಪುವ ಯಂತ್ರ ಹಾಕಿಸಿದ. ಮರುತಪಾಸಣೆಯಲ್ಲಿ ಪಾಸಾದ. ಆದರೆ ಅದೇ ವರ್ಷದೊಳಗೆ ಇನ್ನೊಂದು ಗಂಭೀರ ಲೋಪ ಸಿಕ್ಕರೆ ಬೋರ್ಡನ್ನೇ ಕಿತ್ತುಕೊಳ್ಳಬಹುದೆಂದು ಒಪ್ಪಂದದಲ್ಲಿತ್ತು. ಪುಟ್ಟಿ ಕಾದಳು. ಕಾಯುವುದು ಅವಳಿಗೆ ಹೊಸದಾಗಿರಲಿಲ್ಲ.

ಅವಳಿಗೆ ಆ ಮನುಷ್ಯನ ಸ್ವಭಾವ ಗೊತ್ತಿತ್ತು. ಕರೆಂಟಿನಲ್ಲಿ ಉಳಿಸಲಾಗದಿದ್ದರೆ ಅವನು ಇನ್ನೆಲ್ಲಾದರೂ ಉಳಿಸಿಯೇ ಉಳಿಸುತ್ತಾನೆ. ಮಳೆಗಾಲದ ಹೊತ್ತಿಗೆ ಗಿರಾಕಿಗಳ ದೂರು ಬರತೊಡಗಿತು: ದೊಡ್ಡ ರಸ್ತೆಯ ಕೇಕು ತಿಂದರೆ ಬಾಯಿಯ ಮೇಲ್ಗಡೆ ಜಿಡ್ಡು ಅಂಟುತ್ತದೆ, ಬೇರೆ ಅಂಗಡಿಯದು ಹಾಗಲ್ಲ. ಪುಟ್ಟಿ, ಮೀಸೆ ಹೋಗಿ ಮ್ಯಾನೇಜರಿನ ಎದುರೇ ಒಂದು ಕೇಕನ್ನು ಮೂರು ಪಾಲು ಮಾಡಿ ಮೊಹರು ಹಾಕಿದರು. ಒಂದು ಪಾಲು ಅಂಗಡಿಗೆ, ಒಂದು ಪ್ರಯೋಗಾಲಯಕ್ಕೆ, ಒಂದು ತಕರಾರು ಬಂದರೆಂದು ಕಂಪನಿಯ ಫ್ರೀಜರಿಗೆ. ಹಿಂದಿನ ಗೋದಾಮಿನಲ್ಲಿ ಹೆಸರಿಲ್ಲದ ಡಬ್ಬಿಗಳು ಸಿಕ್ಕವು. ಕಂಪನಿ ಒಪ್ಪಿದ ಹಾಲಿನ ಕ್ರೀಮಿನ ಖಾಲಿ ಪೊಟ್ಟಣಗಳಿಗೆ ಆ ಡಬ್ಬಿಯ ಅಗ್ಗದ ಕ್ರೀಮನ್ನು ತುಂಬಿ ಸಾಲಾಗಿ ಜೋಡಿಸಿದ್ದರು. ಹಾಲಿನ ಕೊಬ್ಬು ಇರಬೇಕಾದಲ್ಲಿ ಇರುವುದು ಎಣ್ಣೆಯ ಕೊಬ್ಬು ಎಂದು ಪ್ರಯೋಗಾಲಯವೂ ಹೇಳಿತು.

ಆ ಸಂಜೆ ಪುಟ್ಟಿ ಬಹಳ ದಿನದ ಮೇಲೆ ಹಾಡು ಗುನುಗುತ್ತ ಮನೆಗೆ ಹೋದಳು.

ಮರುದಿನ ಮೇಡಂ ಕರೆದು ಬಾಗಿಲು ಹಾಕಿಕೊಂಡಳು. ಮೀಸೆಯೂ ಅಲ್ಲಿದ್ದ.

"ಒಪ್ಪಂದ ರದ್ದು ಮಾಡೋಕೆ ಸಾಕಷ್ಟು ಸಾಕ್ಷಿ ಇದೆ," ಎಂದಳು ಮೇಡಂ. "ಆದ್ರೆ ನಮ್ಮ ವಕೀಲರು ಒಂದು ಮಾತು ಕೇಳಿದ್ರು. ಹೊರಗಿನ ಸಾಮಾನು ಮಾರೋರು ಬೇರೆ ಯಾರೂ ಇಲ್ವಾ ಅಂತ. ಒಬ್ಬರಿಗೆ ಬಿಟ್ಟು ಒಬ್ಬರಿಗೆ ಹಿಡಿದ್ರೆ ಕೋರ್ಟಲ್ಲಿ ನಮ್ಮ ನಿಯಮಕ್ಕೆ ಬೆಲೆ ಇರಲ್ಲ."

ಪುಟ್ಟಿ ಮೀಸೆಯತ್ತ ತಿರುಗಿದಳು. ಅವನು ಮೀಸೆ ತಿರುವುತ್ತ ಕಿಟಕಿ ನೋಡುತ್ತಿದ್ದ.

"ಕಿತ್ತಳೆ ಕೇಕು," ಎಂದ ಕೊನೆಗೆ. "ನಿಮ್ಮ ಅಕ್ಕ ಈಗ್ಲೂ ಮನೆಯಲ್ಲಿ ಬೇಯಿಸಿ ಕೌಂಟರಲ್ಲಿ ಇಡ್ತಾರೆ. ನಾನು ನೋಡಿದೀನಿ. ಬರೆದಿಲ್ಲ. ಬರೆಯೋದೇನು, ತಿಂದಿದೀನಿ."

ಮೇಡಂ ಹಣೆಗೆ ಕೈ ಹಚ್ಚಿದಳು. "ಮನೆ ಒಲೆ. ಯಾರೂ ತಪಾಸಣೆ ಮಾಡಿಲ್ಲ. ನಾಳೆ ಅದನ್ನ ತಿಂದು ಯಾರಿಗಾದ್ರೂ ಏನಾದ್ರೂ ಆದ್ರೆ ಬೋರ್ಡಲ್ಲಿರೋದು ನಮ್ಮ ಹೆಸರು." ಕಡತ ಮುಚ್ಚಿ ಹೇಳಿದಳು, "ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಡಬಹುದು. ಅಥವಾ ಇಬ್ಬರ ಮೇಲೂ ಬರೀಬೇಕು. ನಿನ್ನ ಅಕ್ಕನದು ಮೊದಲ ಸಲ, ಕ್ರಮ ಸಣ್ಣದು. ಕೇಕ್ ನಿಲ್ಲಿಸಿದ್ರೆ ಮುಗೀತು. ಆದ್ರೆ ನಿಲ್ಲಿಸಲೇಬೇಕು."

ಅಕ್ಕನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಆ ಕೇಕಿಗೆ ಬರುವವರು. ಪುಟ್ಟಿಗೆ ಅದು ಗೊತ್ತಿತ್ತು. ತನ್ನ ಸೊಂಟಕ್ಕೆ ಏಪ್ರನ್ ಕಟ್ಟಿದ ಕೈ ಅದೇ ಕೇಕಿನ ಹಿಟ್ಟು ಕಲಸುವ ಕೈ ಎಂಬುದೂ ಗೊತ್ತಿತ್ತು. ಅವಳು ಯೋಚಿಸಿದಳೇ ಎಂದು ಯಾರಾದರೂ ಕೇಳಿದರೆ, ಯೋಚಿಸಿದಂತೆ ಕಾಣಲಿಲ್ಲ ಎಂದೇ ಮೀಸೆ ಹೇಳುತ್ತಾನೆ.

"ಬರೀರಿ," ಎಂದಳು.

ಮೀಸೆ ಅಂದೇ ಮಧ್ಯಾಹ್ನ ಹೋಗಿ ನೋಟೀಸು ಕೊಟ್ಟು ಬಂದ. ಸಂಜೆ ಪುಟ್ಟಿ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ಕಿತ್ತಳೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು, ಯಾರಿಗೋ ಕೊಟ್ಟುಬಿಡಲು. ಹೆರೆಯುವ ಮಣೆ ತೊಳೆದು ಬೋರಲು ಹಾಕಿತ್ತು.

"ನೋಟೀಸ್ ಬರೋದು ನಿನಗೆ ಮೊದಲೇ ಗೊತ್ತಿತ್ತಾ?" ಎಂದಳು ಅಕ್ಕ.

"ಬೆಳಿಗ್ಗೆ ಗೊತ್ತಾಯ್ತು."

"ಬೇಡ ಅಂದಿದ್ರೆ ನಿಲ್ತಿತ್ತಾ?"

ಪುಟ್ಟಿ ಸುಳ್ಳು ಹೇಳಲಿಲ್ಲ. "ನಿಲ್ತಿತ್ತೋ ಏನೋ. ಆದ್ರೆ ಅವನೂ ಉಳೀತಿದ್ದ."

"ಅವನಿಗೆ ಹೊಡೆಯೋಕೆ ನನ್ನನ್ನೇ ಕೋಲು ಮಾಡ್ಕೊಂಡೆ, ಅಲ್ವಾ?"

"ಅಕ್ಕಾ, ಆ ಕೇಕ್ ನಿಯಮಕ್ಕೆ ಸೇರಲ್ಲ. ನೀನೇ ಬೋರ್ಡ್ ಹಾಕಿಸ್ಕೊಂಡಿದ್ದು, ಸಹಿ ಮಾಡಿದ್ದು..."

"ನಿಯಮ ನನಗೆ ಹೇಳ್ಕೊಡಬೇಡ ಪುಟ್ಟಿ. ನಿಯಮ ಇಷ್ಟು ವರ್ಷ ಎಲ್ಲಿ ಮಲಗಿತ್ತು? ನಿನ್ನ ಹೊಟ್ಟೆ ಉರಿದಾಗ ಎದ್ದು ಕೂತಿದೆ." ಅಕ್ಕ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟಳು. "ಅವನು ನಿನಗೆ ಮಾಡಿದ್ದು ನನಗೆ ಮರೆತಿಲ್ಲ. ರಾತ್ರಿಯೆಲ್ಲ ಅಳ್ತಿದ್ದವಳ ಪಕ್ಕ ಮಲಗಿದವಳು ನಾನು. ಒಂದು ಮಾತು ಹೇಳಿ ಮಾಡಿದ್ರೆ ನಾನೇ ತೆಗೀತಿದ್ದೆ. ನೀನು ನೋಟೀಸನ್ನೇ ಕಳಿಸಿದೆ."

ಪುಟ್ಟಿ ಊಟ ಮಾಡದೆ ಹೊರಟಳು. ಅಕ್ಕ ಕರೆಯಲಿಲ್ಲ.

ರದ್ದತಿಯ ನೋಟೀಸು ಕೈಗೆ ಬಂದ ಮೇಲೆ ಧಣಿ ಸುಮ್ಮನೆ ಬಿಡುವ ಆಸಾಮಿಯಾಗಿರಲಿಲ್ಲ. ಅದೇ ವಾರ ಮಾಲೀಕರ ಸಭೆಯಿತ್ತು, ಪ್ರದೇಶದ ಎಲ್ಲ ಅಂಗಡಿಗಳವರೂ ಕಂಪನಿಯವರೂ ಸೇರುವುದು. ಹೋಟೆಲೊಂದರ ಸಭಾಂಗಣ, ಕುರ್ಚಿಗೆ ಬಿಳಿ ಬಟ್ಟೆ, ಎ.ಸಿ.ಯ ಚಳಿ. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಅಣ್ಣ ಒಂದು ತುದಿಗೆ ತಮ್ಮ ಇನ್ನೊಂದು ತುದಿಗೆ, ಹಸಿರು ಗೋಡೆಯಾಕೆ ನಡುವೆ. ಭಾವ ಹಿಂದಿನ ಬಾಗಿಲ ಬಳಿ ಒಬ್ಬನೇ ಕೂತಿದ್ದ. ಧಣಿ ಎದ್ದು ನಿಂತ. ಮಾತಿನಲ್ಲಿ ಅವನನ್ನು ಮೀರಿಸುವವರು ಕಡಿಮೆ.

"ಇವತ್ತು ನನ್ನದು, ನಾಳೆ ನಿಮ್ಮದು," ಎಂದು ಶುರುಮಾಡಿದ. "ಮೇಷ್ಟ್ರೇ, ನೀವು ಉಳಿದ ಬನ್ನನ್ನ ಮಕ್ಕಳಿಗೆ ಕೊಡ್ತೀರಿ, ಅದೂ ನಿಯಮಕ್ಕೆ ವಿರುದ್ಧವೇ. ನಮ್ಮ ನಮ್ಮ ಬೀದಿ ನಮಗೆ ಗೊತ್ತು, ನಮ್ಮ ಗಿರಾಕಿ ನಮಗೆ ಗೊತ್ತು. ಎಲ್ಲರಿಗೂ ಒಂದೇ ಅಳತೆ ಅಂತಾರಲ್ಲ, ನಿಜವಾಗ್ಲೂ ಒಂದೇನಾ? ಈ ತಪಾಸಣೆಯಮ್ಮನ ಸ್ವಂತ ಅಕ್ಕನ ಅಂಗಡೀಲಿ ಮನೆ ಕೇಕ್ ಮಾರ್ತಾರೆ. ನಾನೇ ತರಿಸಿ ಕಣ್ಣಾರೆ ನೋಡಿದೀನಿ. ಅವರಿಗೆ ಇಲ್ಲದ ನೋಟೀಸು ನನಗೆ ಯಾಕೆ? ಇದಕ್ಕೆ ಉತ್ತರ ಕೊಡಿ, ನಾನು ಈಗಲೇ ಕೂತ್ಕೋತೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ತಲೆಗಳು ಪುಟ್ಟಿಯತ್ತ ತಿರುಗಿದವು. ಅವಳು ಏಳುವ ಮುಂಚೆ ಹಿಂದಿನಿಂದ ಕುರ್ಚಿ ಸರಿದ ಸದ್ದು ಬಂತು. ಭಾವ ಎದ್ದಿದ್ದ. ಸಭೆಯಲ್ಲಿ ಅವನು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ನಮಗೂ ಬಂದಿದೆ," ಎಂದ ಭಾವ. "ನೀವು ಕೇಳೋಕ್ಕೆ ಮುಂಚೆನೇ ಬಂದಿದೆ. ಬಂದ ದಿನವೇ ಕೇಕ್ ತೆಗೆದ್ವಿ. ಇವಳು ನನ್ನ ನಾದಿನಿ, ನಿಜ. ನಮ್ಮನೇನೂ ಬಿಡಲಿಲ್ಲ." ಧಣಿಯತ್ತ ತಿರುಗಿದ. "ಆದ್ರೆ ನಾವು ಮಾರಿದ್ದು ನಮ್ಮ ಕೇಕು ಅಂತ ಹೇಳಿಯೇ ಮಾರಿದ್ವಿ. ಬೇರೆ ಕ್ರೀಮನ್ನ ಕಂಪನಿ ಪೊಟ್ಟಣಕ್ಕೆ ತುಂಬಿ ಇಡಲಿಲ್ಲ. ಈಗ ಕೂತ್ಕೊಳ್ಳಿ."

ಯಾರೋ ನಕ್ಕರು. ಮೇಷ್ಟ್ರು ತಿರುಗಿ ಧಣಿಯನ್ನು, ತಪ್ಪು ಉತ್ತರ ಬರೆದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ನಿಮ್ಮ ಕೇಕ್ ಜಿಡ್ಡು ಅಂತ ನನ್ನ ಗಿರಾಕಿ ನನ್ನ ಹತ್ರ ಬಂದು ಬೈತಾರೆ ಸ್ವಾಮಿ," ಎಂದರು. "ಬೋರ್ಡ್ ಒಂದೇ ಅಲ್ವಾ? ಅವರಿಗೇನು ಗೊತ್ತು ಅಂಗಡಿ ನಿಮ್ಮದೋ ನನ್ನದೋ." ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ "ಹೌದು" ಎಂದು, ಒಟ್ಟಿಗೆ ಅಂದದ್ದಕ್ಕೆ ಮುಖ ಸಿಂಡರಿಸಿಕೊಂಡರು.

ಧಣಿ ಕೂರಲಿಲ್ಲ, ಸಭೆ ಬಿಟ್ಟು ಹೊರನಡೆದ. ಪುಟ್ಟಿ ಹಿಂದೆಯೇ ಹೋದಳು. ಲಿಫ್ಟಿನ ಮುಂದೆ ಇಬ್ಬರೇ.

"ಏನಮ್ಮಾ, ನಾನು ನಿನಗೇನು ಮಾಡಿದ್ದೆ?" ಎಂದ. ಮೇಡಂ ಎನ್ನುವುದು ಅಷ್ಟರಲ್ಲೇ ಬಿದ್ದುಹೋಗಿತ್ತು.

"ಕತ್ತಲಲ್ಲಿ ಕೇಕಿಗೇನು ಕರೆಂಟು," ಎಂದಳು ಪುಟ್ಟಿ. "ಏಪ್ರನ್ ದಾರ ಕತ್ತರೀಲಿ ಕತ್ತರಿಸಿದ್ರಿ."

ಅವನು ಬಹಳ ಹೊತ್ತು ನೋಡಿದ. ಕಣ್ಣಿನಲ್ಲಿ ಏನೋ ಮೆಲ್ಲಗೆ ಎದ್ದು ಬಂತು. "ಓ, ಹೂ ಬಿಡಿಸ್ತಿದ್ದ ಹುಡುಗಿ. ಅದಕ್ಕಾ ಇಷ್ಟು?" ಲಿಫ್ಟಿನ ಬಾಗಿಲು ತೆರೆಯಿತು. "ನಿನ್ನ ಹೆಸರೇನಿತ್ತು?"

"ನೋಟೀಸಿನ ಕೆಳಗೆ ಸಹಿ ಇದೆ, ಓದ್ಕೊಳ್ಳಿ," ಎಂದಳು.

ಒಪ್ಪಂದ ರದ್ದಾಯಿತು. ಧಣಿ ವಕೀಲರ ಬಳಿ ಓಡಾಡಿದ, ಪ್ರಯೋಜನವಾಗಲಿಲ್ಲ. ಮೀಸೆಯ ಫೋಟೊ, ಮೂರು ಪಾಲಿನ ಕೇಕು, ಭಾವನಿಗೂ ಹೋದ ನೋಟೀಸು, ಎಲ್ಲ ಕಂಪನಿಯ ಕಡೆಗೇ ನಿಂತವು. ಬೋರ್ಡು ಇಳಿಸುವ ದಿನ ಪುಟ್ಟಿ ಹೋಗಬೇಕಾದ ಅಗತ್ಯವಿರಲಿಲ್ಲ. ಹೋದಳು. ಎದುರಿನ ಕಾಲುದಾರಿಯಲ್ಲಿ ನಿಂತು, ಏಣಿ ಹತ್ತಿದವರು ಬೋರ್ಡಿನ ಒಂದೊಂದೇ ಅಕ್ಷರ ಕಳಚಿ ಕೆಳಗಿಳಿಸುವುದನ್ನು ನೋಡಿದಳು. ಪ್ರತಿ ಅಕ್ಷರದ ಹಿಂದೆ ಮಾಸದ ಗೋಡೆಯ ಅಚ್ಚು ಉಳಿಯುತ್ತಿತ್ತು. ಧಣಿ ಬಾಗಿಲಲ್ಲಿ ನಿಂತಿದ್ದ, ಅವಳನ್ನು ಕಂಡ. ಈ ಸಲ ಗುರುತಿತ್ತು. ಅವಳಿಗೆ ಅಷ್ಟು ಹಿತವಾದ ಮಧ್ಯಾಹ್ನ ಬದುಕಿನಲ್ಲೇ ಇರಲಿಲ್ಲವೆಂದು ಆಮೇಲೆ ಮೀಸೆಗೆ ಹೇಳಿದಳು. ಹಿತ ಸಂಜೆಯವರೆಗೂ ಇತ್ತೇ ಎಂದು ಮೀಸೆ ಕೇಳಿದ. ರಾತ್ರಿ ಊಟದವರೆಗೂ ಇತ್ತು ಎಂದಳು, ಅಕ್ಕನಿಗೆ ಫೋನ್ ಮಾಡಿ ಹೇಳೋಣ ಎಂದು ಕೈ ಹೋಗುವವರೆಗೆ.

ಅಲ್ಲಿದ್ದ ಮ್ಯಾನೇಜರಿಗೆ ಮೇಷ್ಟ್ರ ಅಂಗಡಿಯಲ್ಲಿ ಕೆಲಸ ಕೊಡಿಸಿದ್ದು ಪುಟ್ಟಿಯೇ. ಅಕ್ಕನ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಸರಿಹೋಗಲಿಲ್ಲ. ಕಿತ್ತಳೆ ಕೇಕಿಲ್ಲದ ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಕಿತ್ತಳೆ ಕೇಕನ್ನೇ ಕಂಪನಿಯ ಪಟ್ಟಿಗೆ ಸೇರಿಸಬಹುದೆಂದು ಮೇಡಂಗೆ ಗಂಟುಬಿದ್ದು, ಪುಟ್ಟಿ ಅಕ್ಕನನ್ನು ಕಂಪನಿಯ ಪ್ರಯೋಗದ ಅಡುಗೆಮನೆಗೆ ಕರೆಸಿದಳು. ಅಲ್ಲಿನವರು ಹಲವು ಸಲ ಬೇಯಿಸಿ ನೋಡಿದರು. ಒಂದು ಸಲ ಸಿಪ್ಪೆ ಕಹಿ, ಒಂದು ಸಲ ಘಮವೇ ಇಲ್ಲ. ಹಣ್ಣು ಬದಲಾದರೆ ಕೇಕು ಬದಲಾಗುತ್ತಿತ್ತು. ಎಷ್ಟು ಹೆರೆಯಬೇಕೆಂದು ಕೇಳಿದರೆ ಅಕ್ಕ "ಸಾಕು ಅನ್ನಿಸೋವಷ್ಟು" ಎನ್ನುತ್ತಿದ್ದಳು. ಎಲ್ಲ ಅಂಗಡಿಯಲ್ಲೂ ಒಂದೇ ಥರ ಬಾರದ್ದನ್ನು ಒಂದೇ ಬೋರ್ಡಿನ ಕೆಳಗೆ ಮಾರುವಂತಿಲ್ಲ ಎಂದು ಅದನ್ನು ಕೈಬಿಟ್ಟರು. ಹೊರಬರುವಾಗ ಅಕ್ಕ ಎಷ್ಟೋ ತಿಂಗಳ ಮೇಲೆ ನಕ್ಕಳು.

"ನಿನ್ನ ಕಂಪನಿಗೆ ನನ್ನ ಕೇಕ್ ಬರಲ್ಲ ಬಿಡೇ. ಊಟಕ್ಕೆ ಬಾ ಭಾನುವಾರ."

ಹೋದಳು. ಮಾತು ಮತ್ತೆ ಶುರುವಾಯಿತು, ಮೊದಲಿನಷ್ಟು ಅಲ್ಲ. ಭಾವ ಈಗಲೂ ಅವಳನ್ನು ನೋಡಿದಾಗ ಒಂದು ಗಳಿಗೆ ಬೇರೆ ಕಡೆ ನೋಡಿ ಆಮೇಲೆ ಮಾತಾಡುತ್ತಾನೆ.

ಧಣಿ ಅದೇ ಮೂಲೆಯಲ್ಲಿ ಬೇರೆ ಹೆಸರಿನಲ್ಲಿ ಐಸ್‌ಕ್ರೀಮ್ ಅಂಗಡಿ ತೆರೆದಿದ್ದಾನೆಂದು ಮೀಸೆ ಒಂದು ದಿನ ಸುದ್ದಿ ತಂದ. ಒಪ್ಪಂದ ಮುರಿದ ಮೇಲೆ ಕಂಪನಿಯ ಗುರುತು ಒಂದೂ ಉಳಿಯಬಾರದು: ಬೋರ್ಡು, ಪೆಟ್ಟಿಗೆ, ಗೋಡೆಯ ಬಣ್ಣ ಯಾವುದೂ. ಬಣ್ಣ ಬದಲಿಸಲು ಕೈ ಬಾರದೆ ಅವನು ಆ ತಿಳಿಗುಲಾಬಿಯನ್ನೇ ಉಳಿಸಿಕೊಂಡಿದ್ದ. ಈಗಲೂ ಎಷ್ಟೋ ಜನ ಕಂಪನಿಯ ಅಂಗಡಿಯೆಂದೇ ಒಳಗೆ ಹೋಗುತ್ತಿದ್ದರು.

"ಬಿಟ್ಟುಬಿಡಮ್ಮ," ಎಂದ ಮೀಸೆ. "ಮುದುಕ. ಸೋತಿದ್ದಾನೆ."

ಪುಟ್ಟಿ ಕಂಪನಿಯ ಬಣ್ಣದ ಮಾದರಿ ಚೀಟಿಯನ್ನು ಮೇಜಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

"ಹಸಿರು ಗೋಡೆಯಾಕೆಯನ್ನ ನಾನು ಬಿಟ್ಟಿದ್ನಾ?" ಎಂದಳು. "ನಡಿ, ಬೆಳಕಿರೋವಾಗಲೇ ಹೋಗೋಣ. ಬಣ್ಣ ಹಗಲಲ್ಲೇ ಸರಿಯಾಗಿ ಕಾಣೋದು."